ಏಳು ಜನ್ಮದ ನಿದ್ದೆ

ಜೋಗುಳವನ್ನು ಮಗುವಿಗಾಗಿ ಹಾಡುತ್ತಾರೆ ಎಂದು ಗಟ್ಟಿಯಾಗಿ ನಂಬಿದವರು ಸಾಮಾನ್ಯವಾಗಿ ರಾತ್ರಿಯೆಲ್ಲ ಚೆನ್ನಾಗಿ ನಿದ್ದೆ ಮಾಡಿದವರು. ಹುಟ್ಟಿ ಹದಿನೈದು ದಿನವಾದ ಕೂಸಿಗೆ ಹವಳ ಎಂದರೇನು, ಬಂಗಾರದ ತೊಟ್ಟಿಲು ಎಂದರೇನು, ಸೋದರಮಾವ ತರುವ ಅಂಗಿ ಎಂದರೇನು? ಅದಕ್ಕೆ ಗೊತ್ತಿರುವುದು ಹಾಲು, ಮೈಬಿಸಿ, ದನಿ ಇಷ್ಟೇ. ಹಾಡಿನ ಮಾತು ತಿಳಿಯುವ ಕಿವಿ ರಾತ್ರಿ ಎರಡು ಗಂಟೆಗೆ ಆ ಕೋಣೆಯಲ್ಲಿರುವುದು ಒಂದೇ ಜೋಡಿ, ಅದೂ ಹಾಡುವವಳದೇ. ನಮ್ಮ ಕುಂಸಿಯ ಕಡೆ ಅದಕ್ಕೂ ಹತ್ತಿ ತುರುಕಿ, ಮೇಲೊಂದು ತಲೆಬಟ್ಟೆ ಬಿಗಿದಿರುತ್ತಾರೆ. ಅಷ್ಟೆಲ್ಲ ಬಂದೋಬಸ್ತಿನ ನಡುವೆಯೂ ಬಾಣಂತಿಗೆ ತೊಟ್ಟಿಲಿನ ಒಂದು ಕುಂಯ್ ಕೇಳಿಸುತ್ತದೆ. ಬಾಗಿಲಾಚೆ ಮಲಗಿದ ನನಗೆ ಕೇಳಿಸುವುದಿಲ್ಲ.

ಮಗಳು ಬಾಣಂತನಕ್ಕೆ ಬಂದ ಮೇಲೆ ರಾತ್ರಿಗಳ ಜೊತೆ ನನ್ನ ಹಳೆಯ ಪರಿಚಯ ಮತ್ತೆ ಕುದುರಿತು. ಹಗಲಿನ ಬಾಣಂತನಕ್ಕೆ ಜನ ಬೇಕಾದಷ್ಟು. ಹಂಡೆಯಲ್ಲಿ ನೀರು ಕಾಯಿಸಲು ಒಬ್ಬರು, ಎಣ್ಣೆ ತಿಕ್ಕಲು ಒಬ್ಬರು, ಮೆಣಸಿನ ಸಾರಿಗೆ ಬೆಳ್ಳುಳ್ಳಿ ಸಾಲದು ಎನ್ನಲು ನಾಲ್ವರು. ರಾತ್ರಿಯ ಪಾಳಿಗೆ ಮಾತ್ರ ಯಾರೂ ಇಲ್ಲ. ಹೊಸ ಕೂಸು ಇಪ್ಪತ್ತನಾಲ್ಕು ಗಂಟೆಯಲ್ಲಿ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ, ಅದಕ್ಕೆ ಗಡಿಯಾರದ ಹಂಗಿಲ್ಲ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿಯೇ ಹೆಚ್ಚು ಏರುತ್ತದಂತೆ. ಪ್ರಕೃತಿ ಬಾಣಂತಿಯನ್ನು ಕೇಳದೆ ಮಾಡಿಕೊಂಡ ಏರ್ಪಾಡು ಇದು. ಎದುರಿನ ಸಾಗರ ರಸ್ತೆಯಲ್ಲಿ ಹೋಗುವ ಲಾರಿಯವರು ಬಿಟ್ಟರೆ ಆ ಹೊತ್ತಿನಲ್ಲಿ ಎಚ್ಚರವಿರುವವಳು ಅವಳೊಬ್ಬಳೇ.

ಮೊದಲ ವಾರ ಮಗಳು ಮೊಬೈಲಿನಲ್ಲಿ ಜೋಗುಳ ಹಾಕುತ್ತಿದ್ದಳು. ಕೊಳಲು, ವೀಣೆ, ಹಿನ್ನೆಲೆಯಲ್ಲಿ ಹರಿಯುವ ನೀರು, ಎಲ್ಲವೂ ಇತ್ತು. ಕೂಸಿನ ಕಣ್ಣು ಅರೆಮುಚ್ಚುವ ಹೊತ್ತಿಗೆ ಸರಿಯಾಗಿ ಯಾರೋ ಗಡಸು ದನಿಯಲ್ಲಿ ಸಿಮೆಂಟು ಮಾರಲು ಬರುತ್ತಿದ್ದರು. ಕೂಸು ಬೆಚ್ಚಿ ಅಳುತ್ತಿತ್ತು. ಅವಳು ಜಾಹೀರಾತು ತೆಗೆಯಲು ಬೆಳಕಿನ ಪರದೆಗೆ ಮುಖವೊಡ್ಡಿದರೆ ಅವಳ ನಿದ್ದೆಯೂ ಹಾರಿಹೋಗುತ್ತಿತ್ತು.

"ನೀನೇ ಹಾಡೇ," ಎಂದೆ.

"ನಂಗೆ ಯಾವ ಹಾಡೂ ಪೂರ್ತಿ ಬರಲ್ಲಮ್ಮ."

"ಪೂರ್ತಿ ಯಾರಿಗೆ ಬೇಕು ಮಾರಾಯ್ತಿ? ತ್ರಿಪದಿ ಹಾಡು."

ತ್ರಿಪದಿಯ ಬಗ್ಗೆ ನನಗಿರುವ ಗೌರವ ಛಂದಸ್ಸಿನ ಪುಸ್ತಕದಿಂದ ಬಂದದ್ದಲ್ಲ. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರ ಹೊತ್ತಿಗೆ ಕಪ್ಪೆ ಅರಭಟ್ಟ ಎಂಬ ವೀರನ ಹೊಗಳಿಕೆಯನ್ನು ಕೆತ್ತಿಸಿದ್ದು ಇದೇ ಮೂರು ಸಾಲಿನ ಮಟ್ಟಿನಲ್ಲಿ. ಕೆಣಕಿದವರನ್ನು ಬಿಡದ ಗಂಡುಗಲಿಗೂ ಹಾಲು ಕಕ್ಕುವ ಕೂಸಿಗೂ ಒಂದೇ ಅಳತೆಯ ಪದ್ಯ ಸಾಕಾಗಿದೆ. ಸರ್ವಜ್ಞ ಅದರಲ್ಲಿ ಲೋಕಕ್ಕೆಲ್ಲ ಬೈದ. ಬೀಸುಕಲ್ಲಿನ ಮುಂದೆ ಹೆಂಗಸರು ಅದರಲ್ಲೇ ಅತ್ತೆಗೆ ಬೈದರು, ತವರಿಗೆ ಹರಸಿದರು, ಕೂಸನ್ನು ತೂಗಿದರು. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಅಂಥವನ್ನು ಕಲೆಹಾಕಿ 1931ರಲ್ಲಿ 'ಗರತಿಯ ಹಾಡು' ತಂದರು. ಮಕ್ಕಳ ಹಾಡುಗಳ ಭಾಗವನ್ನು ಓದುವಾಗಲೆಲ್ಲ ನನಗೆ ಅನಿಸುವುದಿಷ್ಟು: ಅಲ್ಲಿ ಕೂಸಿನ ಹೊಗಳಿಕೆ ಎಷ್ಟಿದೆಯೋ ಹೆತ್ತವಳು ತನಗೆ ತಾನೇ ಹೇಳಿಕೊಂಡ ಸಮಾಧಾನವೂ ಅಷ್ಟೇ ಇದೆ. ಅಚ್ಚಿನಲ್ಲಿ ಕಾಣೆಯಾಗಿರುವುದು ಆಕಳಿಕೆಗಳು ಮಾತ್ರ.

ನಿದ್ದೆಗೆಟ್ಟ ತಲೆಗೆ ಈ ಮಟ್ಟು ಯಾಕೆ ಒಗ್ಗುತ್ತದೆ ಎಂಬುದನ್ನು ಹಾಡಿದವರೇ ಬಲ್ಲರು. ಒಂದೊಂದು ತ್ರಿಪದಿಯೂ ತನ್ನಷ್ಟಕ್ಕೆ ತಾನು ಮುಗಿಯುತ್ತದೆ. ಐದನೆಯದು ಮರೆತರೆ ಏಳನೆಯದಕ್ಕೆ ಹೋಗಬಹುದು, ಮೊದಲನೆಯದನ್ನೇ ಮೂರು ಸಲ ಹಾಡಬಹುದು, ಕೂಸಿನಿಂದ ತಕರಾರು ಬರುವುದಿಲ್ಲ. ಪುರಂದರದಾಸರ ತೊಟ್ಟಿಲ ಹಾಡುಗಳಲ್ಲಿ ಈ ಸಡಿಲ ಇಲ್ಲ. ನುಡಿಯ ಕ್ರಮ ತಪ್ಪಿದರೆ ಮರುದಿನ ಬೆಳಿಗ್ಗೆ ನಮ್ಮ ಮಾವನವರು ತಿದ್ದುತ್ತಾರೆ. 'ಗುಮ್ಮನ ಕರೆಯದಿರೆ' ಸೊಗಸಾದ ಹಾಡೇ. ಆದರೆ ಅದರಲ್ಲಿ ಅಮ್ಮನನ್ನು ಬೇಡಿಕೊಳ್ಳುವುದು ಮಗು. ಎರಡು ಗಂಟೆ ರಾತ್ರಿಯಲ್ಲಿ ಬೇಡಿಕೊಳ್ಳುವ ಸರದಿ ಅಮ್ಮನದು.

ತ್ರಿಪದಿಯ ಇನ್ನೊಂದು ಉಪಕಾರ ಎರಡನೆಯ ಸಾಲಿನಲ್ಲಿದೆ. ಹಾಡುವಾಗ ಎರಡನೆಯ ಸಾಲನ್ನು ಮತ್ತೊಮ್ಮೆ ಎತ್ತಿಕೊಳ್ಳುತ್ತೇವಲ್ಲ, ಅದು ಕೇಳುವವರ ಕಿವಿಗೆ ಇಂಪು, ಹಾಡುವವಳಿಗೆ ಬಿಡುವು. ನಾಲಿಗೆ ಹಾಡಿದ್ದನ್ನೇ ಹಾಡುತ್ತಿರುವಾಗ ತಲೆ ಮೂರನೆಯ ಸಾಲನ್ನು ಹುಡುಕಿಕೊಳ್ಳುತ್ತದೆ. ಸಾಲಿನ ಎರಡನೆಯ ಅಕ್ಷರ ಮೇಲಿನ ಸಾಲುಗಳ ಎರಡನೆಯ ಅಕ್ಷರಕ್ಕೆ ಹೊಂದಿದರಾಯಿತು, ಹಾಡು ನಿಂತುಕೊಳ್ಳುತ್ತದೆ. ರಾಗಕ್ಕೂ ನಾಲ್ಕೈದು ಸ್ವರ ಸಾಕು. ಒಣಗಿದ ಗಂಟಲಿಗೆ ತಾರಸ್ಥಾಯಿಯ ಶಿಕ್ಷೆ ಬೇಕಿಲ್ಲ.

ಆ ಪಾಳಿಯನ್ನು ಮಗಳು ಹೇಗೆ ಪಳಗಿಸಿಕೊಂಡಳು ಎಂದು ಹೇಳಿಬಿಡುತ್ತೇನೆ. ಮೊದಲಿಗೆ, ಕೂಸು ಮುಲುಕಿದ ತಕ್ಷಣ ಹಾಡಬಾರದು. ಎಳೆಯ ಕೂಸುಗಳು ನಿದ್ದೆಯಲ್ಲೇ ಮುಖ ಕಿವುಚುತ್ತವೆ, ಕೈಕಾಲು ಆಡಿಸುತ್ತವೆ, ಮುದುಕರ ಹಾಗೆ ಗೊಣಗುತ್ತವೆ. ಆಗ ಎತ್ತಿ ಹಾಡಿದರೆ ಮಲಗಿದ್ದನ್ನು ಎಬ್ಬಿಸಿ ಮಲಗಿಸಿದಂತಾಗುತ್ತದೆ. ಬಾಯಿ ತಿರುಗಿಸಿ ಹುಡುಕಲು ಶುರುಮಾಡಿತು, ಮುಷ್ಟಿ ಬಾಯಿಗೆ ಹೋಯಿತು ಎಂದರೆ ಹಸಿವು ನಿಜ. ಎದೆಗೆ ಹಾಕಿಕೊಂಡ ಮೇಲೆ ಹಾಡು, ಅದೂ ಉಸಿರು ಬಿಡುವ ಅಳತೆಯಲ್ಲಿ ಮೆಲ್ಲಗೆ. ನೋವು, ಗಾಬರಿ ಇದ್ದರೆ ಹಾಲು ಇಳಿಯುವುದು ತಡವಾಗುತ್ತದೆ. ಸಾಲು ಉದ್ದವಾದಷ್ಟೂ ಉಸಿರು ಉದ್ದವಾಗಿ, ಬಿಗಿದ ಭುಜ ಇಳಿಯುತ್ತದೆ. ಬರಿಯ ಚಪ್ಪರಿಕೆ ಹೋಗಿ ಗುಟುಕಿನ ಸದ್ದು ಕೇಳಿಸತೊಡಗಿದರೆ ಹಾಲು ಇಳಿಯಿತೆಂದೇ ಅರ್ಥ.

ಹಾಲು ಕುಡಿದು, ಭುಜಕ್ಕೆ ಹಾಕಿ ತೇಗು ತೆಗೆಸಿದ ಮೇಲಿನದೇ ಕಠಿಣ ಘಟ್ಟ. ತೋಳಿನಲ್ಲಿ ದೇವರಂತೆ ಮಲಗಿದ್ದು ತೊಟ್ಟಿಲಿಗಿಟ್ಟ ಕೂಡಲೇ ಕಣ್ಣು ಬಿಡುತ್ತದೆ. ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೋಡಾ ಮತ್ತು ಸಂಗಡಿಗರು ಇದನ್ನೇ ಅಳೆದು 2022ರಲ್ಲಿ ಬರೆದಿದ್ದಾರೆ. ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಸಮ ನಡೆಯಬೇಕು. ನಿದ್ದೆ ಹತ್ತಿದ ಮೇಲೆ ತೊಟ್ಟಿಲಿಗಿಡುವ ಅವಸರ ಮಾಡದೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂರಬೇಕು. ಕೂಸನ್ನು ಎಬ್ಬಿಸುವುದು ಹಾಸಿಗೆ ಬೆನ್ನಿಗೆ ತಾಗುವುದಲ್ಲವಂತೆ, ಅಮ್ಮನ ಮೈ ತನ್ನಿಂದ ಬಿಡುವ ಗಳಿಗೆ. ಇದನ್ನು ಓದಿ ನನ್ನ ಮಗಳು ಮೊಬೈಲು ನೋಡಿ ನಿಮಿಷ ಎಣಿಸಹೊರಟಳು. ಬೇಡ ಎಂದೆ. ಎರಡನೆಯ ಸಾಲು ಮರುಕಳಿಸಿ ನಿಧಾನ ಹಾಡಿದರೆ ಒಂದು ತ್ರಿಪದಿಗೆ ಹೆಚ್ಚುಕಡಿಮೆ ಅರ್ಧ ನಿಮಿಷ. ನಡೆಯಲು ಹತ್ತು ಪದ, ಕೂರಲು ಹನ್ನೆರಡು ಪದ. ಕೊನೆಗೆ ಕೂಸಿನ ಕೈ ಎತ್ತಿ ಬಿಟ್ಟಾಗ ಬಟ್ಟೆಯಂತೆ ಬಿದ್ದರೆ ತೊಟ್ಟಿಲಿಗಿಳಿಸಬಹುದು. ಹಾಡನ್ನು ಥಟ್ಟನೆ ನಿಲ್ಲಿಸದೆ ಮಾತು ಬಿಟ್ಟು ಬರೀ ಗುನುಗಾಗಿಸಿ, ಕೈ ತೆಗೆದ ಮೇಲೂ ಒಂದು ಪದದಷ್ಟು ಹೊತ್ತು ಮುಂದುವರಿಸಬೇಕು. ಹೀಗೆ ಮಾಡಿದರೂ ಕೆಲವು ರಾತ್ರಿ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಆಗ ಜಪಾನಿನವರನ್ನು ದೂರಿ ಫಲವಿಲ್ಲ.

ಹಾಡಿಗೆ ಇನ್ನೊಂದು ಕೆಲಸವಿದೆ, ಅದನ್ನು ಯಾವ ಪುಸ್ತಕದಲ್ಲೂ ನಾನು ಕಂಡಿಲ್ಲ. ಕೋಣೆಯ ಆಚೆ ಮಲಗಿದ ನನಗೆ ಅದು ಮಗಳ ಎಚ್ಚರದ ಅಳತೆ. ಪ್ರಾಸ ಸರಿಯಿರುವವರೆಗೆ ಚಿಂತೆಯಿಲ್ಲ. ಸೋದರಮಾವನ ಅಂಗಿಯ ಜಾಗದಲ್ಲಿ ಆಫೀಸಿನ ಲಾಗಿನ್ ಬಂತೆಂದರೆ ಅವಳು ಕೂತಲ್ಲೇ ತೂಕಡಿಸುತ್ತಿದ್ದಾಳೆ. ಕುರ್ಚಿಯಲ್ಲಿ, ಸೋಫಾದಲ್ಲಿ ಕೂಸನ್ನು ಎದೆಗವಚಿಕೊಂಡು ನಿದ್ದೆಹೋಗುವುದು ನಿಜಕ್ಕೂ ಅಪಾಯ, ಕೂಸು ಸಂದಿಗೆ ಜಾರಿ ಉಸಿರುಕಟ್ಟಬಹುದು. ಹಾಗಾಗಿ ಪ್ರಾಸ ಕೆಟ್ಟ ಕೂಡಲೇ ಎದ್ದು ಹೋಗಿ ಕೂಸನ್ನು ಇಸಕೊಳ್ಳುತ್ತೇನೆ. ಛಂದಸ್ಸು ಇಷ್ಟು ಉಪಯೋಗಕ್ಕೆ ಬಂದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಹಾಡಿನಿಂದ ಆಗದ್ದೂ ಇದೆ. ಡೈಸಿ ಫ್ಯಾನ್‌ಕೋರ್ಟ್ ಮತ್ತು ರೊಸೀ ಪರ್ಕಿನ್ಸ್ ಎಂಬಿಬ್ಬರು ಇಂಗ್ಲೆಂಡಿನಲ್ಲಿ 134 ತಾಯಂದಿರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯ ನಂತರದ ಖಿನ್ನತೆ ಹೆಚ್ಚಿದ್ದವರು ಗುಂಪಿನಲ್ಲಿ ಕೂತು ಹಾಡಿದಾಗ ಉಳಿದವರಿಗಿಂತ ಬೇಗ ಚೇತರಿಸಿಕೊಂಡರಂತೆ. ಗುಂಪಿನಲ್ಲಿ ಎಂಬುದನ್ನು ಗಮನಿಸಬೇಕು. ಒಬ್ಬಳೇ ಕತ್ತಲಲ್ಲಿ ಹಾಡಿಕೊಳ್ಳುವುದು ಬೇರೆ. ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಕೂಸು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ, ಲೇಹ್ಯದ ಜೊತೆ ಇನ್ನೊಂದು ಜೋಗುಳ ಹೇಳಿಕೊಡುವುದಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ನಮ್ಮ ಕಾಲದಲ್ಲಿ ಇದಕ್ಕೆ 'ಬಾಣಂತಿ ಸನ್ನಿ' ಎಂದು ಹೆಸರಿಟ್ಟು ಬಾಗಿಲು ಹಾಕಿಬಿಡುತ್ತಿದ್ದರು.

ಮೂರನೆಯ ವಾರದ ಹೊತ್ತಿಗೆ ಮಗಳು ಸ್ವಂತ ಪದ ಕಟ್ಟತೊಡಗಿದಳು. ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರೈಲು ಬೆಳಗಿನ ಜಾವ ಊರು ದಾಟುತ್ತದಲ್ಲ, ಅದರ ಕೂಗಿಗೆ ಕೂಸು ಕದಲಿದಾಗ ಹುಟ್ಟಿದ್ದು:

ತಾಳಗುಪ್ಪದ ರೈಲು ಕೂಗ್ತೈತೆ ಕುಂಸೀಲಿ
ಏಳಬ್ಯಾಡೊ ಕಂದ ಬೆಳಗಿಲ್ಲ – ನಿನ್ನಮ್ಮಂಗೆ
ಏಳು ಜನ್ಮದ ನಿದ್ದೆ ಬಾಕೈತೆ

ಮಾವನವರು ನಿವೃತ್ತ ಮೇಷ್ಟರು. ಪ್ರಾಸಕ್ಕೆ ಪೂರ್ತಿ ಅಂಕ ಕೊಟ್ಟು, ಗಣಕ್ಕೆ ಅರ್ಧ ಕಳೆದರು.

ಶನಿವಾರ ಬೆಂಗಳೂರಿನಿಂದ ಅಳಿಯ ಬಂದ. ಒಂದು ರಾತ್ರಿಯ ಪಾಳಿ ತನ್ನದೆಂದು ತಾನೇ ಕೇಳಿಕೊಂಡ, ಒಳ್ಳೆಯ ಹುಡುಗ. ಹಾಲು ಕುಡಿಸಿದ ಮೇಲೆ ಮಗಳು ಕೂಸನ್ನು ಅವನ ಕೈಗಿತ್ತು, ಐದು ನಿಮಿಷ ನಡೆಯುವ, ಎಂಟು ನಿಮಿಷ ಕೂರುವ ಲೆಕ್ಕ ಹೇಳಿ ಮಲಗಿದಳು. ಅವನಿಗೆ ತ್ರಿಪದಿ ಬಾರದು. ಸಿನಿಮಾ ಹಾಡುಗಳಲ್ಲಿ ಪಲ್ಲವಿಯ ಆಚೆ ದಾರಿ ಗೊತ್ತಿಲ್ಲ. ಶಾಲೆಯಲ್ಲಿ ದಿನಾ ಹಾಡಿ ಬಾಯಿಪಾಠವಾಗಿ ಉಳಿದದ್ದೆಂದರೆ ನಾಡಗೀತೆ ಒಂದೇ. ನಮ್ಮ ಜಿಲ್ಲೆಯವರದೇ ಪದ್ಯ, ಬೇಡವೆನ್ನಲಾದೀತೆ? ಅದನ್ನು ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಗೊತ್ತುಮಾಡಿದೆಯಾದ್ದರಿಂದ, ಎರಡು ಸಲ ಹಾಡಿದರೆ ಐದು ನಿಮಿಷದ ನಡಿಗೆ ಸರಿಯಾಗಿ ಮುಗಿಯುತ್ತದೆಂದು ಅವನು ಲೆಕ್ಕ ಹಾಕಿಕೊಂಡಿದ್ದ. ಪಡಸಾಲೆಯ ಉದ್ದಕ್ಕೂ ಮೆಲುದನಿಯಲ್ಲಿ ಕುವೆಂಪು ನಡೆದರು. ಎರಡನೆಯ ಸುತ್ತಿಗೆ ಕೂಸು ಮಲಗಿತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಏನೋ ಸದ್ದಾಯಿತೆಂದು ಹೋಗಿ ಲೈಟು ಹಾಕಿದರೆ, ಮಾವನವರು ಕಂಬಳಿ ಹೊದ್ದುಕೊಂಡೇ ಮಂಚದ ಪಕ್ಕ ನೆಟ್ಟಗೆ ನಿಂತಿದ್ದರು.

"ಇನ್ನೆಷ್ಟು ಸಲ ಹಾಡ್ತಾನಂತೆ ಕೇಳಮ್ಮ," ಎಂದರು, "ಕಾಲು ನೋಯ್ತದೆ."