ಒಂದು ರೂಪಾಯಿ ಬಡ್ಡಿ

ನಮ್ಮ ಜಗಳೂರಿನವರು ಹೆಸರಿಗೆ ತಕ್ಕ ಹಾಗೆ ಜಗಳಕ್ಕೆ ಹಿಂದೆ ಬಿದ್ದವರಲ್ಲ. ಮೆಕ್ಕೆಜೋಳದ ತೂಕದಲ್ಲಿ ಅರ್ಧ ಕೆಜಿ ಕಡಿಮೆ ಬಂದರೆ ಮಂಡಿಯಲ್ಲಿ ಗಲಾಟೆ. ಮಂಡಕ್ಕಿ ಜೊತೆ ಕೊಟ್ಟ ಮಿರ್ಚಿ ಚಿಕ್ಕದಾದರೆ ಬಸ್ ಸ್ಟ್ಯಾಂಡಿನಲ್ಲಿ ಪಂಚಾಯ್ತಿ. ಇಂಥವರ ಮುಂದೆ ಫೈನಾನ್ಸ್‌ನ ಹುಡುಗ ಇಪ್ಪತ್ತು ಹಾಳೆ ಹರವಿ, ಪೆನ್ಸಿಲ್ಲಲ್ಲಿ ಇಂಟು ಗುರುತು ಹಾಕಿ, "ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ" ಅಂದರೆ ಸಾಕು, ಕುರಿಮರಿ ಹಾಗೆ ಸಹಿ ಹಾಕಿ ಟೀ ಕುಡಿದು ಎದ್ದು ಬರುತ್ತಾರೆ.

ನಮ್ಮ ಸೋದರಮಾವನೂ ಹಾಗೇ ಎದ್ದು ಬರುತ್ತಿದ್ದರೋ ಏನೋ. ಒಂದು ಸಹಿ ಬಾಕಿ ಇತ್ತು, ಅದು ನನ್ನದು.

"ಅಳಿಯ, ಹಳೇ ಬೈಕ್ ಒಂದು ನೋಡೀನಿ. ಅರವತ್ತು ಸಾವಿರ ಸಾಲ. ಒಂದೇ ರೂಪಾಯಿ ಬಡ್ಡಿ ಕಣೋ! ಊರಾಗೆ ಎರಡು ರೂಪಾಯಿಗೆ ಕಡಿಮೆ ಯಾರು ಕೊಡ್ತಾರೆ? ನೀನು ಸಾಕ್ಷಿ ಹಾಕಿದರೆ ನಾಳೆ ದುಡ್ಡು."

ಕಾಗದ ಇಸಕೊಂಡು ನೋಡಿದೆ. ನನ್ನ ಹೆಸರಿನ ಪಕ್ಕ 'ಸಾಕ್ಷಿ' ಅಂತ ಇರಲಿಲ್ಲ, 'ಜಾಮೀನುದಾರ' ಅಂತ ಇತ್ತು. ಮದುವೆಗೆ ಸಾಕ್ಷಿ ಹಾಕಿದವನು ಸಂಸಾರ ನಡೆಸಬೇಕಿಲ್ಲ. ಸಾಲಕ್ಕೆ ಜಾಮೀನು ನಿಂತವನು ನಡೆಸಬೇಕು. ಕೆಳಗೆ 'ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ' ಅನ್ನುವ ಮುದ್ದಾದ ಮಾತೊಂದಿತ್ತು. ಬಿಡಿಸಿ ಹೇಳಿದರೆ, ಮಾವ ಕಂತು ಕಟ್ಟದಿದ್ದರೆ ಫೈನಾನ್ಸಿನವರು ಮೊದಲು ಮಾವನ ಮನೆಗೇ ಹೋಗಬೇಕು ಅಂತೇನಿಲ್ಲ, ಸೀದಾ ನನ್ನ ಮನೆಗೆ ಬಂದು ಪೂರ್ತಿ ಬಾಕಿ ಕೇಳಬಹುದು. 1872ರ ಕರಾರು ಕಾಯ್ದೆಯ 128ನೇ ಕಲಮೂ ಇದನ್ನೇ ಹೇಳುತ್ತದೆ. ಕಾಗದದಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಬೈಕ್ ಮಾತ್ರ ಮಾವನದು.

ಹೊಣೆ ನನ್ನ ತಲೆ ಮೇಲೆ ಬಂದಾಗ ಓದುವ ಶ್ರದ್ಧೆ ತಾನಾಗೇ ಹುಟ್ಟುತ್ತದೆ. "ಮಾವ, ನಾಳೆ ಬರ್ರಿ" ಅಂದೆ.

ರಾತ್ರಿ ಮೊದಲು ನೋಡಿದ್ದು ಆ ಒಂದು ರೂಪಾಯಿ ಬಡ್ಡಿಯನ್ನೇ. ವರ್ಷಕ್ಕೆ ಶೇಕಡಾ 12, ಪಕ್ಕದಲ್ಲಿ ಇರುವೆ ಅಕ್ಷರದಲ್ಲಿ 'ಫ್ಲ್ಯಾಟ್'. ಅರವತ್ತು ಸಾವಿರಕ್ಕೆ ವರ್ಷಕ್ಕೆ 7,200, ಎರಡು ವರ್ಷಕ್ಕೆ 14,400. ಒಟ್ಟು 74,400 ರೂಪಾಯಿ, 24 ಕಂತು, ತಿಂಗಳಿಗೆ 3,100. ಲೆಕ್ಕ ಚೊಕ್ಕವಾಗೇ ಇದೆ. ಚೊಕ್ಕ ಇರುವುದೇ ತೊಂದರೆ.

ಪ್ರತಿ ಕಂತಿನಲ್ಲೂ 2,500 ಅಸಲು ತೀರುತ್ತಾ ಹೋಗುತ್ತದೆ. ಹನ್ನೆರಡು ಕಂತು ಮುಗಿದಾಗ ಮಾವನ ಹತ್ತಿರ ಉಳಿದ ಸಾಲ ಮೂವತ್ತು ಸಾವಿರ. ಬಡ್ಡಿ ಮಾತ್ರ ಅರವತ್ತು ಸಾವಿರದ ಮೇಲೇ, ತಿಂಗಳಿಗೆ ಆರುನೂರು. ಒಂದು ಜೊತೆ ಎತ್ತು ಬಾಡಿಗೆಗೆ ತಂದು, ಒಂದನ್ನು ಹಿಂದಕ್ಕೆ ಹೊಡೆದುಕೊಟ್ಟ ಮೇಲೂ ಜೊತೆಯ ಬಾಡಿಗೆ ಕೊಡುತ್ತಾ ಹೋದ ಹಾಗೆ. ನಮ್ಮೂರಿನ ಬಡ್ಡಿ ಸಾಹುಕಾರ ಎಷ್ಟೇ ಗಟ್ಟಿ ಆಸಾಮಿಯಾದರೂ ಅರ್ಧ ಅಸಲು ಕಟ್ಟಿದ ಮೇಲೆ ಉಳಿದ ಅರ್ಧಕ್ಕೇ ಬಡ್ಡಿ ಕೇಳುತ್ತಾನೆ. ಇಳಿಯುವ ಸಾಲದ ಮೇಲೆ ಲೆಕ್ಕ ಹಾಕಿದರೆ ಈ 12 ಅನ್ನೋದು ಸುಮಾರು 21.6 ಆಗುತ್ತದೆ. ಒಂದು ರೂಪಾಯಿ ಎಂಬತ್ತು ಪೈಸೆ.

ಅಲ್ಲಿಗೂ ಮುಗಿಯಲಿಲ್ಲ. ಹಾಳೆ ತಿರುವಿದರೆ ಪ್ರೊಸೆಸಿಂಗ್ ಫೀ 1,500, ಡಾಕ್ಯುಮೆಂಟ್ ಚಾರ್ಜ್ 900, ಇನ್ಶೂರೆನ್ಸ್ 2,100. ನಾಲ್ಕೂವರೆ ಸಾವಿರ ಮೊದಲೇ ಹಿಡಿದುಕೊಳ್ಳುತ್ತಾರೆ. ಕೈಗೆ ಬರುವುದು 55,500, ಕಂತು ಮಾತ್ರ ಅರವತ್ತು ಸಾವಿರದ್ದೇ. ಮಗಳ ಲ್ಯಾಪ್‌ಟಾಪಿನ ಲೆಕ್ಕದ ಹಾಳೆಯಲ್ಲಿ ಇಷ್ಟು ಬರೆದೆ: ಎಷ್ಟು ಕಂತು, ಕಂತು ಎಷ್ಟು, ಕೈಗೆ ನಿಜವಾಗಿ ಬಂದದ್ದೆಷ್ಟು.

```
=RATE(24,-3100,55500)*1200
```

29.9 ಅಂತ ಬಂತು. ತಪ್ಪಿರಬೇಕು ಅಂತ ಮತ್ತೆ ಒತ್ತಿದೆ. ಅದೇ 29.9. ಎರಡೂವರೆ ರೂಪಾಯಿ ಬಡ್ಡಿ!

ಇಷ್ಟೆಲ್ಲಾ ತಲೆ ಕೆಡಿಸಿಕೊಂಡ ಮೇಲೆ ನಗು ಬರುವ ಸಂಗತಿ ಸಿಕ್ಕಿತು. ಹದಿನಾಲ್ಕನೇ ಹಾಳೆಯಲ್ಲಿ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಅಂತ ಒಂದು ಪಟ್ಟಿ. ಅದರಲ್ಲಿ ಎಪಿಆರ್ ಅನ್ನುವ ಸಾಲಿನ ಮುಂದೆ ಅವರೇ 29.9 ಅಂತ ಅಚ್ಚು ಹಾಕಿದ್ದರು. ಎಪಿಆರ್ ಅಂದರೆ ಬಡ್ಡಿ, ಫೀ, ಅವರ ಕೈಯಿಂದಲೇ ವಸೂಲಾಗುವ ಇನ್ಶೂರೆನ್ಸ್ ಎಲ್ಲಾ ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ದರ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಸಾಲಗಳಿಗೆಲ್ಲ ಈ ಪಟ್ಟಿ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೂ ಫೈನಾನ್ಸ್ ಕಂಪನಿಗಳಿಗೂ ಹೇಳಿದೆ. ಅದೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ. ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ಅವಧಿಯ ಸಾಲವಾದರೆ ಯೋಚನೆ ಮಾಡಲು ಕನಿಷ್ಠ ಮೂರು ಕೆಲಸದ ದಿನ ಸಮಯ. ಅದರಲ್ಲಿ ಕಾಣಿಸದ ಚಾರ್ಜನ್ನು ನಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವ ಹಾಗಿಲ್ಲ. ಮಾವನ ಕೈಲಿದ್ದ ಪಟ್ಟಿ ಇಂಗ್ಲಿಷಿನಲ್ಲಿತ್ತು. ಮಾವ ಅದಕ್ಕೂ ಚೆಂದದ ಕನ್ನಡದಲ್ಲಿ ಸಹಿ ಹಾಕಿದ್ದರು.

ಅದೇ ಪಟ್ಟಿಯ ಕೆಳಗೆ, ಎಲ್ಲಾ ಸರಿಯಿದ್ದರೆ ಬೀಳದ, ಎಡವಿದರೆ ಬೀಳುವ ಚಾರ್ಜುಗಳು: ಕಂತು ತಡವಾದರೆ ದಂಡ, ಅವಧಿಗೆ ಮುಂಚೆ ಸಾಲ ಮುಗಿಸಿದರೆ ಇಷ್ಟು. ತಡದ ದಂಡವನ್ನು ಬಡ್ಡಿಗೆ ಸೇರಿಸಿ, ಅದರ ಮೇಲೆ ಮತ್ತೆ ಬಡ್ಡಿ ಬೆಳೆಸುವುದನ್ನು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಿಂದ ಹೊಸ ಸಾಲಗಳಿಗೆ ನಿಲ್ಲಿಸಿದೆ. ದಂಡವೇನೋ ಉಳಿದಿದೆ. ಮಾವನ ಕಂತು ತಿಂಗಳ 3ನೇ ತಾರೀಕು, ಡೈರಿ ದುಡ್ಡು ಬರುವುದು 10ಕ್ಕೆ. ಏಳು ದಿನದ ಈ ಸಂದಿಯಲ್ಲಿ ಫೈನಾನ್ಸಿನವರದ್ದೊಂದು, ಖಾತೆಯಲ್ಲಿ ದುಡ್ಡಿಲ್ಲ ಅಂತ ಬ್ಯಾಂಕಿನದೊಂದು, ಎರಡೂ ಚಾರ್ಜ್ ತಿಂಗಳು ತಿಂಗಳು ಬೀಳುತ್ತಿತ್ತು. ಕಂತಿನ ತಾರೀಕು ಬದಲಿಸಿಕೊಳ್ಳುವುದು ಸಹಿಗೆ ಮುಂಚೆ ಒಂದು ಮಾತಿನ ಕೆಲಸ.

ಬೆಳಿಗ್ಗೆ ಮಾವ ಬಂದರು. ಎಲ್ಲಾ ಕೇಳಿಸಿಕೊಂಡು, "ಆದರೂ ಅಳಿಯ, ಇನ್ಶೂರೆನ್ಸ್ ಒಳ್ಳೇದಲ್ವೇನೋ? ನನಗೇನಾದ್ರೂ ಆದರೆ ನಿಮ್ಮತ್ತೆಗೆ ದುಡ್ಡು ಬರ್ತದೆ" ಅಂದರು.

"ಏನಾದ್ರೂ ಆದರೆ ಅಲ್ಲ ಮಾವ, ಅಪಘಾತದಲ್ಲಿ ಹೋದರೆ ಮಾತ್ರ. ಜ್ವರ ಬಂದು ಹೋದರೆ ಇಲ್ಲ, ಎದೆನೋವು ಬಂದು ಹೋದರೆ ಇಲ್ಲ. ಅಪಘಾತದಲ್ಲೇ ಹೋದರೂ ಕುಡಿದಿರಬಾರದು, ಲೈಸೆನ್ಸ್ ಇರಬೇಕು."

"ಇಷ್ಟು ಶಿಸ್ತಾಗಿ ಸಾಯೋಕೆ ಆಗ್ತದೇನೋ?"

"ಸತ್ತರೂ ದುಡ್ಡು ಮೊದಲು ಫೈನಾನ್ಸಿಗೆ. ಸಾಲ ಕಳೆದು ಉಳಿದರೆ ಅತ್ತೆಗೆ."

ಮಾವ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುವುದನ್ನು ನಿಲ್ಲಿಸಿದರು. ಬ್ಯಾಂಕ್ ಖಾತೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಡಿಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲೂ ಅಪಘಾತದ ಸಾವಿಗೆ ಎರಡು ಲಕ್ಷ ಇದೆ, 70 ವರ್ಷದವರೆಗೆ, ಅದು ನಾಮಿನಿಗೇ ಹೋಗುತ್ತದೆ ಅಂತ ನೆನಪಿಸಿದೆ. ಪಾಸ್‌ಬುಕ್ ತೆಗೆಸಿ ನೋಡಿದರೆ ಅದು ಹೋದ ಮೇ ತಿಂಗಳಲ್ಲೇ ಕಡಿದಿತ್ತು. ಮಾವನಿಗೇ ಗೊತ್ತಿರಲಿಲ್ಲ. ಅತ್ತೆಗೆ ಎಲ್ಲಿಂದ ಗೊತ್ತಿರಬೇಕು?

ಇಬ್ಬರೂ ಫೈನಾನ್ಸಿಗೆ ಹೋದೆವು. ಇನ್ಶೂರೆನ್ಸ್ ಕಡ್ಡಾಯವೇ ಅಂತ ಕೇಳಿದಾಗ ಹುಡುಗ "ಹೌದು ಸಾರ್" ಅಂದ. ಹಾಗಂತ ಬರೆದುಕೊಡಪ್ಪ ಅಂದಾಗ "ಮ್ಯಾನೇಜರ್ ಕೇಳ್ತೀನಿ" ಅಂದ. ಒಳಗೆ ಹೋಗಿ ಬಂದವನು "ಬೇಡ ಅಂದ್ರೆ ಬಿಡಬಹುದಂತೆ" ಅಂದ. ಅಷ್ಟಕ್ಕೇ 29.9 ಇದ್ದದ್ದು 25.9ಕ್ಕೆ ಇಳಿಯಿತು. ಇಳಿದರೂ ಎರಡು ರೂಪಾಯಿ ಮೇಲೇ. ಮಾವ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು.

ದಾರಿಯಲ್ಲಿ ಬಹಳ ಹೊತ್ತು ಮಾತಿಲ್ಲ. ಕೆರೆ ಏರಿ ಹತ್ತಿರ ಬಂದಾಗ ಹೆಗಲ ಮೇಲೆ ಕೈ ಹಾಕಿದರು.

"ಅಳಿಯ, ಅರವತ್ತು ಸಾವಿರ ನೀನೇ ಕೈಸಾಲ ಕೊಟ್ಟುಬಿಡು. ಒಂದು ರೂಪಾಯಿ ಬಡ್ಡಿ ಕೊಡ್ತೀನಿ."

"ಫ್ಲ್ಯಾಟೋ ಮಾವ, ಇಳಿಯೋದೋ?"

"ಇಳಿಯೋದೇ! ನನ್ನನ್ನ ಏನು ದಡ್ಡ ಅಂದ್ಕೊಂಡ್ಯಾ?"

"ಸರಿ. ಜಾಮೀನಿಗೆ ಅತ್ತೆ ಸಹಿ ಹಾಕಲಿ."

ಮಾವ ಕೈ ತೆಗೆದರು. ಈಗಲೂ ಹೊಲಕ್ಕೆ ಸೈಕಲ್ಲಲ್ಲೇ ಹೋಗುತ್ತಾರೆ.