ಗೇಟಿಗೆ ಬಿದ್ದ ಬೋನಸ್

ಐದು ವರ್ಷ ಕ್ಲೇಮಿನ ತಂಟೆಗೇ ಹೋಗದ ಮೇಷ್ಟ್ರಿಗೆ ಕಾರಿನ ವಿಮೆಯಲ್ಲಿ ಶೇ. 50 ನೋ ಕ್ಲೇಮ್ ಬೋನಸ್ ಇತ್ತು. ಸ್ವಂತ ಹಾನಿಯ ಪ್ರೀಮಿಯಂ 10,000 ರೂಪಾಯಿ ಆಗಬೇಕಾದದ್ದು 5,000ಕ್ಕೇ ಮುಗಿಯುತ್ತಿತ್ತು.

ಒಂದು ದಿನ ರಿವರ್ಸ್ ತೆಗೆಯುವಾಗ ಮನೆಯ ಗೇಟೇ ಅಡ್ಡ ಬಂತು. (ಗೇಟು ಇಪ್ಪತ್ತು ವರ್ಷದಿಂದ ಅಲ್ಲೇ ಇದೆ ಎಂಬುದು ಅವರ ಹೆಂಡತಿಯ ಹೇಳಿಕೆ.) ಹೊಸ ಬಂಪರಿಗೆ 6,000. ‘ಕಟ್ಟಿದ ದುಡ್ಡು ವಸೂಲಾಗಲಿ’ ಎಂದು ಕ್ಲೇಮ್ ಹಾಕಿದರು. ಪ್ಲಾಸ್ಟಿಕ್ಕೆಂದು ಸವಕಳಿ ಶೇ. 50 ಹೋಯಿತು, ಕಡ್ಡಾಯ ಕಡಿತ ಇನ್ನೊಂದು ಸಾವಿರ. ಕೈಗೆ ಬಂದದ್ದು 2,000.

ನವೀಕರಣದ ದಿನ ಬೋನಸ್ ಸೊನ್ನೆ! ಥರ್ಡ್ ಪಾರ್ಟಿ ಪ್ರೀಮಿಯಂ ಕ್ಲೇಮಿಗೆ ಅಲುಗಲಿಲ್ಲ. ಸ್ವಂತ ಹಾನಿಯದು ಮಾತ್ರ ಪೂರ್ತಿ. ಮುಂದಿನ ವರ್ಷ ಶೇ. 20ರಿಂದ ಶುರು, ಮತ್ತೆ 50 ಮುಟ್ಟಲು ಐದು ವರ್ಷ.

ಈಗ ಕಾರಿನ ಹಿಂದೆ ನಿಂತು ‘ಬರಲಿ, ಬರಲಿ’ ಎನ್ನುವ ಕೆಲಸ ಹೆಂಡತಿಯದು. ಸಂಬಳ ಇನ್ನೂ ನಿಗದಿಯಾಗಿಲ್ಲ.