‘ಕ್ವಿಕ್ ಕಾಲ್’ ಎಂಬ ಕರೆಯೋಲೆ

ಕಚೇರಿಯ ಕ್ಯಾಲೆಂಡರಿಗೆ ದಿಢೀರನೆ ಬಂದು ಬೀಳುವ ಸಭೆಯ ಆಹ್ವಾನಗಳಲ್ಲಿ ಹೆಚ್ಚಿನವು ಎರಡೇ ಪದದವು: ‘ಕ್ವಿಕ್ ಕಾಲ್’, ‘ಕ್ಯಾಚ್ ಅಪ್’, ‘ಸ್ಮಾಲ್ ಡಿಸ್ಕಷನ್’. ವಿವರ ಬರೆಯಲೆಂದೇ ಇರುವ ಖಾಲಿ ಜಾಗದಲ್ಲಿ ವಿಡಿಯೋ ಲಿಂಕ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಅದೂ ಕರೆದವರು ಬರೆದದ್ದಲ್ಲ, ಸಾಫ್ಟ್‌ವೇರ್ ತಾನಾಗಿ ಅಂಟಿಸಿದ್ದು. ಈ ವಿಷಯದಲ್ಲಿ ಲಗ್ನಪತ್ರಿಕೆ ಎಷ್ಟೋ ಮೇಲು. ಯಾರ ಮದುವೆ, ಯಾವ ಮುಹೂರ್ತ, ಯಾವ ಛತ್ರ ಎಂಬುದರ ಜೊತೆಗೆ ‘ಆಶೀರ್ವಾದವೇ ಉಡುಗೊರೆ’ ಎಂದು ಬರುವವರಿಂದ ಏನು ನಿರೀಕ್ಷೆ ಎನ್ನುವುದನ್ನೂ ಅಚ್ಚು ಹಾಕಿಸಿರುತ್ತಾರೆ.

ಇಂಥ ಆಹ್ವಾನ ಕಳಿಸಿದವರ ಕಣ್ಣಿಗೆ ಅದು ಖಾಲಿ ಅನ್ನಿಸುವುದೇ ಇಲ್ಲ. ವಿಷಯವೆಲ್ಲ ಅವರ ತಲೆಯಲ್ಲಿ ತುಂಬಿರುತ್ತದೆ. ಖಾಲಿತನ ತಾಕುವುದು ಪಡೆದವರಿಗೆ, ಅದೂ ಕಳಿಸಿದವರ ಹುದ್ದೆಗೆ ತಕ್ಕಂತೆ. ಪಕ್ಕದ ಮೇಜಿನವರು ಕಳಿಸಿದ ‘ಕ್ವಿಕ್ ಕಾಲ್’ ನಗಣ್ಯ. ಮ್ಯಾನೇಜರ್ ರಾತ್ರಿ ಒಂಬತ್ತಕ್ಕೆ, ಮರುದಿನ ಬೆಳಿಗ್ಗೆಗೆಂದು ಕಳಿಸಿದರೆ ಮನೆಯಲ್ಲಿ ಹೋಂ ಲೋನಿನ ಲೆಕ್ಕ ಶುರುವಾಗುತ್ತದೆ, ಹಳೇ ರೆಸ್ಯೂಮೆಯ ಹುಡುಕಾಟ ನಡೆಯುತ್ತದೆ. ಬೆಳಿಗ್ಗೆ ನೋಡಿದರೆ ವಿಷಯ ಆಯುಧಪೂಜೆಗೆ ಹೂವು ಯಾರು ತರುವುದು ಎಂಬುದು.

ಬೆಂಗಳೂರಿನ ಸಾಫ್ಟ್‌ವೇರ್ ತಂಡವೊಂದಕ್ಕೆ ಜುಲೈ ತಿಂಗಳ ಗುರುವಾರ ಸಂಜೆ ಬಂದ ಆಹ್ವಾನವನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಶೀರ್ಷಿಕೆ, ‘ಕ್ವಿಕ್ ಕಾಲ್ – 8 ಇಎಸ್‌ಟಿ’. ಕ್ಯಾಲೆಂಡರಿನಲ್ಲಿ ಶುಕ್ರವಾರ ಸಂಜೆ 5:30ರಿಂದ 6. ಕರೆದದ್ದು ಹನ್ನೊಂದು ಜನರನ್ನು. ವಿವರದ ಜಾಗ ಖಾಲಿ.

ಇದನ್ನು ಸರಿಪಡಿಸುವ ಕೆಲಸ ಶೀರ್ಷಿಕೆಯಿಂದಲ್ಲ, ಉದ್ದೇಶದಿಂದ ಶುರುವಾಗಬೇಕು. ಸಭೆ ಮುಗಿದು ಎಲ್ಲರೂ ಎದ್ದಾಗ ಯಾವುದು ತೀರ್ಮಾನವಾಗಿರಬೇಕು ಎಂಬುದನ್ನು ಕರೆದವರು ಒಂದೇ ವಾಕ್ಯದಲ್ಲಿ ಬರೆಯಬೇಕು. ‘ರಿಲೀಸ್ ಬಗ್ಗೆ ಚರ್ಚೆ’ ಎಂದರೆ ಅದು ವಿಷಯವಾಯಿತೇ ಹೊರತು ಉದ್ದೇಶವಾಗಲಿಲ್ಲ. ರಿಲೀಸ್ ಬಗ್ಗೆ ನಿವೃತ್ತಿಯವರೆಗೂ ಚರ್ಚಿಸಬಹುದು. ಈ ತಂಡದ ನಿಜವಾದ ತೊಡಕು ಬೇರೆ. ಪೇಮೆಂಟ್ ಭಾಗದ ಟೆಸ್ಟಿಂಗ್ ಮುಗಿದಿಲ್ಲ. ಮಂಗಳವಾರದ ರಿಲೀಸನ್ನು ಹಾಗೇ ಬಿಡಬೇಕೋ ಒಂದು ವಾರ ಮುಂದೂಡಬೇಕೋ ಎಂಬುದು ಇತ್ಯರ್ಥವಾಗಬೇಕು. ಇಷ್ಟು ಬರೆದರೆ ಶೀರ್ಷಿಕೆ ತಾನಾಗಿ ಸಿಗುತ್ತದೆ: ‘ನಿರ್ಧಾರ: ಮಂಗಳವಾರದ ರಿಲೀಸ್ ಬಿಡುವುದೋ, ಮುಂದೂಡುವುದೋ’. ಮೊಬೈಲಿನ ನೋಟಿಫಿಕೇಶನ್ನಿನಲ್ಲಿ ಉದ್ದನೆಯ ಶೀರ್ಷಿಕೆ ಅರ್ಧಕ್ಕೇ ಕತ್ತರಿಸಿಹೋಗುವುದರಿಂದ ಮುಖ್ಯವಾದ ಪದ ಮುಂದೆಯೇ ಇರಬೇಕು. ಉದ್ದೇಶದ ವಾಕ್ಯ ಎಷ್ಟು ತಿಣುಕಿದರೂ ಹುಟ್ಟದಿದ್ದರೆ ಕರೆಯಬೇಕಾದ ಸಭೆಯೇ ಇಲ್ಲ ಎಂದರ್ಥ, ಒಂದು ಇಮೇಲ್ ಸಾಕು. ದುರದೃಷ್ಟಕ್ಕೆ ಈ ಸತ್ಯ ಗೊತ್ತಾಗುವುದು ಸಾಮಾನ್ಯವಾಗಿ ಸಭೆಯ ಇಪ್ಪತ್ತನೇ ನಿಮಿಷಕ್ಕೆ.

ಸಮಯದ ಗೊಂದಲ ಇನ್ನೂ ಸೊಗಸಾದದ್ದು. ಸಂಜೆ ಐದೂವರೆ ಇಟ್ಟದ್ದು ನ್ಯೂಯಾರ್ಕಿನ ಒಬ್ಬರಿಗಾಗಿ. ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ ಎಂಟಾದಾಗ ಇಲ್ಲಿ ಸಂಜೆ 5:30. ಆದರೆ ‘ಇಎಸ್‌ಟಿ’ ಎನ್ನುವುದು ಅಲ್ಲಿನ ಚಳಿಗಾಲದ ಗಡಿಯಾರದ ಹೆಸರು. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ನ್ಯೂಯಾರ್ಕಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುತ್ತಾರೆ, ಆಗ ಅದು ಇಡಿಟಿ. ಶೀರ್ಷಿಕೆಯನ್ನು ಅಕ್ಷರಶಃ ನಂಬಿ ಲೆಕ್ಕ ಹಾಕಿದರೆ ಸಭೆ ಶುರುವಾಗುವುದು 6:30ಕ್ಕೆ. ಹೀಗೆ ಲೆಕ್ಕದಲ್ಲಿ ಗಟ್ಟಿಗರಾದವರು ಒಂದು ಗಂಟೆ ತಡವಾಗಿ ಬಂದು, ಖಾಲಿ ಕಾಲ್‌ನಲ್ಲಿ ತಮ್ಮ ಮುಖವನ್ನೇ ನೋಡುತ್ತ ಕೂರುತ್ತಾರೆ. ಕ್ಯಾಲೆಂಡರಿನ ಸಮಯದ ಜಾಗದಲ್ಲಿ ಹಾಕಿದ ಗಂಟೆಯನ್ನು ಸಾಫ್ಟ್‌ವೇರೇ ಆಯಾ ಊರಿಗೆ ತಕ್ಕಂತೆ ತೋರಿಸುತ್ತದೆ. ಆದ್ದರಿಂದ ಶೀರ್ಷಿಕೆಯಲ್ಲಿ ಗಂಟೆ ಬರೆಯಲೇಬಾರದು, ಸಭೆ ಮುಂದೆ ಹೋದಾಗ ಆ ಬರಹ ಹಳೆಯ ಗಂಟೆಯನ್ನೇ ಸಾರುತ್ತ ಉಳಿಯುತ್ತದೆ. ಬರೆಯಲೇಬೇಕೆಂದರೆ ವಿವರದಲ್ಲಿ ‘ಬೆಂಗಳೂರು ಸಂಜೆ 5:30, ನ್ಯೂಯಾರ್ಕ್ ಬೆಳಿಗ್ಗೆ 8’ ಎಂದು ಊರಿನ ಹೆಸರಲ್ಲಿ ಬರೆಯುವುದು ಕ್ಷೇಮ. ಪ್ರತಿ ವಾರದ ಸಭೆಯಾದರೆ ಅದನ್ನು ಯಾವ ಊರಿನ ಗಡಿಯಾರಕ್ಕೆ ಕಟ್ಟಿದೆ ಎಂಬುದನ್ನೂ ನೋಡಬೇಕು. ನ್ಯೂಯಾರ್ಕಿಗೆ ಕಟ್ಟಿದ್ದರೆ ನವೆಂಬರಿನ ಒಂದು ಸೋಮವಾರ ಬೆಂಗಳೂರಿನವರ ಸಭೆ ಹೇಳದೆ ಕೇಳದೆ 6:30ಕ್ಕೆ ಜಾರುತ್ತದೆ, ಅವರ ಕ್ಯಾಬ್ ಮಾತ್ರ ಜಾರುವುದಿಲ್ಲ.

ಅರ್ಧ ಗಂಟೆಯ ಅವಧಿಗೂ ಕಾರಣ ವಿಷಯದ ತೂಕವಲ್ಲ. ಕ್ಯಾಲೆಂಡರ್ ಸಾಫ್ಟ್‌ವೇರ್ ಮೊದಲೇ ಅಷ್ಟು ತುಂಬಿಟ್ಟಿರುತ್ತದೆ, ಜನ ಒಪ್ಪಿಕೊಳ್ಳುತ್ತಾರೆ. ಸಭೆಗಳನ್ನು ಐದು ನಿಮಿಷ ಮೊದಲೇ ಮುಗಿಸುವ ಸೆಟ್ಟಿಂಗ್ ಗೂಗಲ್ ಕ್ಯಾಲೆಂಡರಿನಲ್ಲೂ ಔಟ್‌ಲುಕ್‌ನಲ್ಲೂ ಇದೆ. ಒಂದು ಸಭೆಯಿಂದ ಇನ್ನೊಂದಕ್ಕೆ ಓಡುವವರು ನೀರು ಕುಡಿಯಲು ಸಿಗುವ ಸಮಯ ಅದೊಂದೇ.

ಹನ್ನೊಂದು ಜನರ ಪಟ್ಟಿಯನ್ನು ಉದ್ದೇಶದ ವಾಕ್ಯದ ಪಕ್ಕ ಇಟ್ಟರೆ ಅದು ತಾನೇ ಕರಗುತ್ತದೆ. ನಿರ್ಧರಿಸುವವರು ಇಬ್ಬರು, ಮಾಹಿತಿ ಕೊಡಬೇಕಾದವರು ಮೂವರು. ಇಬ್ಬರನ್ನು ‘ಆಪ್ಷನಲ್’ ಎಂದು ಗುರುತಿಸಬಹುದು. ಉಳಿದ ನಾಲ್ವರನ್ನು ಕರೆದದ್ದು ಬೇಜಾರು ಮಾಡಿಕೊಂಡಾರು ಎಂಬ ದಾಕ್ಷಿಣ್ಯಕ್ಕೆ. ಅವರಿಗೆ ನಿರ್ಧಾರ ಇಮೇಲಿನಲ್ಲಿ ಹೋದರೆ ಸಾಕು, ಬೇಜಾರಂತೂ ಆಗುವುದಿಲ್ಲ.

ಅಜೆಂಡಾದಲ್ಲಿ ಬರಿಯ ಹೆಸರುಪದಗಳು ಕೆಲಸಕ್ಕೆ ಬರುವುದಿಲ್ಲ. ‘ಪೇಮೆಂಟ್ ಟೆಸ್ಟಿಂಗ್’ ಎಂದು ಬರೆದರೆ ಒಬ್ಬರು ಅದರ ಚರಿತ್ರೆ ಹೇಳುತ್ತಾರೆ, ಇನ್ನೊಬ್ಬರು ಅದರ ಭವಿಷ್ಯ. ಪ್ರಶ್ನೆಯ ರೂಪದಲ್ಲಿದ್ದರೆ ಉತ್ತರ ಬಂದ ಕೂಡಲೇ ಮುಂದೆ ಹೋಗಬಹುದು. ಸಹಕಾರ ಸಂಘಗಳ ಸಭಾ ನೋಟೀಸಿನ ಕೊನೆಯಲ್ಲಿ ಬರುವ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಎಂಬ ಸಾಲನ್ನಂತೂ ಇಲ್ಲಿ ಸೇರಿಸಬಾರದು. ಊಟದ ಹೊತ್ತು ಮೀರುವುದು ಯಾವಾಗಲೂ ಆ ಸಾಲಿನಿಂದಲೇ. ತಿದ್ದಿದ ಆಹ್ವಾನದ ವಿವರ ಹೀಗಿರುತ್ತದೆ:

‘ಉದ್ದೇಶ: ಮಂಗಳವಾರದ ರಿಲೀಸ್ ಬಿಡಬೇಕೋ, ಒಂದು ವಾರ ಮುಂದೂಡಬೇಕೋ ಎಂದು ಈ ಸಭೆಯಲ್ಲೇ ತೀರ್ಮಾನಿಸುವುದು. ಶುಕ್ರವಾರ, ಬೆಂಗಳೂರು ಸಂಜೆ 5:30–5:55, ನ್ಯೂಯಾರ್ಕ್ ಬೆಳಿಗ್ಗೆ 8.
ಉಳಿದ ಪೇಮೆಂಟ್ ದೋಷಗಳಲ್ಲಿ ರಿಲೀಸ್ ತಡೆಯುವಂಥದ್ದು ಇದೆಯೇ? (10 ನಿಮಿಷ)
ಮುಂದೂಡಿದರೆ ಗ್ರಾಹಕರಿಗೆ ಏನು ತೊಂದರೆ? (8 ನಿಮಿಷ)
ನಿರ್ಧಾರ, ಮತ್ತು ಅದನ್ನು ಗ್ರಾಹಕರಿಗೆ ಯಾರು ತಿಳಿಸುವುದು? (7 ನಿಮಿಷ)
ತಯಾರಿ: ಟೆಸ್ಟಿಂಗ್ ತಂಡ ದೋಷಗಳ ಪಟ್ಟಿಯನ್ನು ಮಧ್ಯಾಹ್ನ 3ರ ಒಳಗೆ ಇಲ್ಲಿಗೆ ಸೇರಿಸಲಿ. ಉಳಿದವರು ಓದಿಕೊಂಡು ಬಂದರೆ ಸಾಕು.’

ಕೊನೆಯ ಎರಡು ವಾಕ್ಯಗಳಲ್ಲಿ ನಿರೀಕ್ಷೆಗಳಿವೆ. ‘ಎಲ್ಲರೂ ತಯಾರಾಗಿ ಬನ್ನಿ’ ಎಂದು ಬರೆದರೆ ಯಾರೂ ತಯಾರಾಗುವುದಿಲ್ಲ. ಯಾರು, ಏನು, ಎಷ್ಟು ಹೊತ್ತಿಗೆ ಎಂದು ಬರೆದರೆ ಮಾಡದೆ ಬಂದವರು ಯಾರೆಂದಾದರೂ ಗೊತ್ತಾಗುತ್ತದೆ.

ಕೆಳಹುದ್ದೆಯವರು ಖಾಲಿ ಆಹ್ವಾನಕ್ಕೆ ಅಜೆಂಡಾ ಕೇಳುವುದು ನಾಜೂಕಿನ ಕೆಲಸ. ‘ಅಜೆಂಡಾ ಏನು?’ ಎಂಬ ಉತ್ತರ ಜಗಳಕ್ಕೆ ಬಂದ ಹಾಗಿರುತ್ತದೆ. ‘ಸರ್, ಪೇಮೆಂಟ್ ವಿಷಯವೇ ಇರಬೇಕು, ದೋಷಗಳ ಪಟ್ಟಿ ತರಲೇ?’ ಎಂದರೆ ಸರ್ ಊಹೆಯನ್ನು ತಿದ್ದುವ ನೆಪದಲ್ಲಿ ಉದ್ದೇಶವನ್ನು ತಾವೇ ಹೇಳಿಬಿಡುತ್ತಾರೆ.

ಎಲ್ಲವನ್ನೂ ಬಿಚ್ಚಿ ಬರೆಯಬಾರದ ಸಂದರ್ಭಗಳೂ ಇವೆ. ಸಂಬಳ, ದೂರು, ಆರೋಗ್ಯದ ಮಾತಾದರೆ, ಕ್ಯಾಲೆಂಡರ್ ಇತರರಿಗೂ ಕಾಣುವಂತಿರುವಾಗ, ಶೀರ್ಷಿಕೆ ಸಾದಾ ಇರಲಿ, ವಿಷಯವನ್ನು ಸಂಬಂಧಪಟ್ಟವರಿಗೆ ಪ್ರತ್ಯೇಕವಾಗಿ ತಿಳಿಸುವುದು ಸರಿ. ಸರ್ವರ್ ಬಿದ್ದು ಗ್ರಾಹಕರು ಕಾಯುತ್ತಿರುವಾಗ ‘ಸರ್ವರ್ ಡೌನ್, ಈಗಲೇ ಬನ್ನಿ’ ಎಂಬುದೇ ಪರಿಪೂರ್ಣ ಆಹ್ವಾನ. ಅದರಲ್ಲಿ ಉದ್ದೇಶವೂ ಇದೆ, ಸಮಯವೂ ಇದೆ.

ಬದಲಾವಣೆ ಬೇಕಾದಾಗ ಹೊಸ ಆಹ್ವಾನ ಕಳಿಸದೆ ಹಳೆಯದನ್ನೇ ತಿದ್ದಬೇಕು, ಇಲ್ಲದಿದ್ದರೆ ಅರ್ಧ ಜನ ಒಂದರಲ್ಲಿ, ಇನ್ನರ್ಧ ಇನ್ನೊಂದರಲ್ಲಿ ಕಾಯುತ್ತಾರೆ. ರದ್ದುಮಾಡುವಾಗಲೂ ಕಾರಣದ ಒಂದು ಸಾಲು ಬೇಕು: ‘ದೋಷಗಳು ಸರಿಯಾಗಿವೆ, ರಿಲೀಸ್ ಮಂಗಳವಾರವೇ.’ ಬರೀ ರದ್ದಾಯಿತೆಂಬ ಸೂಚನೆ ಹೋದರೆ ಹೋಂ ಲೋನಿನ ಲೆಕ್ಕ ಹಾಕುವವರು ಅದಕ್ಕೂ ಒಂದು ಅರ್ಥ ಕಂಡುಕೊಳ್ಳುತ್ತಾರೆ.